ನಲ್ಲಿಯಿಂದ ಗ್ರಾಮ ಸಭೆಯವರೆಗೆ: ಮಕ್ಕಳ ಪೌರನೀತಿ ಪ್ರಾಜೆಕ್ಟಿಗೆ ಒಂದು ದಾರಿ

ಗ್ರಾಮ ಪಂಚಾಯಿತಿಯ ಬಗ್ಗೆ ಆರು, ಏಳು, ಎಂಟನೇ ತರಗತಿಯ ಮಕ್ಕಳು ಮಾಡುವ ಪ್ರಾಜೆಕ್ಟ್ ಹೆಚ್ಚಾಗಿ ಒಂದೇ ಅಚ್ಚಿನಲ್ಲಿರುತ್ತದೆ. ಡ್ರಾಯಿಂಗ್ ಶೀಟಿನ ಮೇಲೆ ಪಂಚಾಯಿತಿ ಕಟ್ಟಡದ ಫೋಟೊ, ಅದರ ಕೆಳಗೆ ಅಧ್ಯಕ್ಷರ ಹೆಸರು, ಪಕ್ಕದಲ್ಲಿ ಪಠ್ಯಪುಸ್ತಕದಿಂದ ಇಳಿಸಿದ ಕರ್ತವ್ಯಗಳ ಪಟ್ಟಿ. ಹೆಸರೊಂದನ್ನು ಬದಲಿಸಿದರೆ ಅದು ಯಾವ ಊರಿಗೂ ಹೊಂದುತ್ತದೆ. ಪಂಚಾಯಿತಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಮಗುವಿಗೆ ತಿಳಿಯಬೇಕಾದರೆ ವಿಷಯ ಚಿಕ್ಕದಿರಬೇಕು, ನಡೆದು ಹೋಗಿ ನೋಡುವಂತಿರಬೇಕು. ‘ನಮ್ಮ ಗ್ರಾಮ ಪಂಚಾಯಿತಿ’ ಎಂಬ ವಿಷಯಕ್ಕಿಂತ ‘ನಮ್ಮ ಬೀದಿಯ ಕೊನೆಯ ಮನೆಗೆ ನೀರು ಏಕೆ ಕಡಿಮೆ ಬರುತ್ತದೆ?’ ಎಂಬ ಪ್ರಶ್ನೆ ಒಳ್ಳೆಯದು. ಆ ಉತ್ತರವನ್ನು ಹುಡುಕುತ್ತಾ ಹೋದರೆ ಸದಸ್ಯರು, ಪಿಡಿಒ, ಗ್ರಾಮ ಸಭೆ, ಅನುದಾನ ಎಲ್ಲವೂ ದಾರಿಯಲ್ಲೇ ಎದುರಾಗುತ್ತವೆ.

ಪ್ರಶ್ನೆ ಸಿಕ್ಕ ಕೂಡಲೇ ಕೇಳಬೇಕಾದದ್ದು, ಇದು ಯಾರ ಕೆಲಸ ಎಂಬುದು. ಊರಿನಲ್ಲಿ ಕಾಣುವುದೆಲ್ಲ ಪಂಚಾಯಿತಿಯದಲ್ಲ. ಬೀದಿ ದೀಪದ ಬಲ್ಬು ಪಂಚಾಯಿತಿಯದು, ಅದನ್ನು ಹೊತ್ತ ಕಂಬ ಮತ್ತು ತಂತಿ ವಿದ್ಯುತ್ ಸರಬರಾಜು ಕಂಪನಿಯದು. ಅಂಗನವಾಡಿ ನಡೆಸುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಪಡಿತರ ಅಂಗಡಿಯನ್ನು ನೋಡಿಕೊಳ್ಳುವುದು ಆಹಾರ ಇಲಾಖೆ. ಕುಡಿಯುವ ನೀರಿನ ದೊಡ್ಡ ಕಾಮಗಾರಿಯನ್ನು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ ಮಾಡಿಸುತ್ತದೆ. ಆಮೇಲೆ ಮೋಟಾರು ಚಾಲೂ ಮಾಡುವುದು, ವಾಲ್ವ್ ತಿರುಗಿಸುವುದು, ಒಡೆದ ಪೈಪು ಕಟ್ಟಿಸುವುದು, ನೀರಿನ ಕರ ವಸೂಲು ಮಾಡುವುದು ಗ್ರಾಮ ಪಂಚಾಯಿತಿಯ ಪಾಲಿಗೆ ಬರುತ್ತದೆ. ಊರಿನ ಹತ್ತು ಸೌಕರ್ಯಗಳನ್ನು ಬರೆದುಕೊಂಡು, ಪ್ರತಿಯೊಂದರ ಮುಂದೆ ಅದರ ಹೊಣೆ ಹೊತ್ತವರು ಯಾರು ಎಂದು ತುಂಬಿಸುವುದೇ ಆರನೇ ತರಗತಿಗೆ ಸಾಕಾಗುವ ಪ್ರಾಜೆಕ್ಟ್.

ಏಳು, ಎಂಟನೇ ತರಗತಿಯವರು ಅಳತೆಗೆ ಇಳಿಯಬಹುದು. ಅದಕ್ಕೆ ಬೇಕಾದದ್ದು ಹದಿನೈದು ಲೀಟರಿನ ಒಂದು ಕೊಡ ಮತ್ತು ಸೆಕೆಂಡು ತೋರಿಸುವ ಗಡಿಯಾರ. ಒಂದು ಊರಿನಲ್ಲಿ ದಿನ ಬಿಟ್ಟು ದಿನ ನಲವತ್ತು ನಿಮಿಷ ನೀರು ಬಿಡುತ್ತಾರೆ ಎಂದಿಟ್ಟುಕೊಳ್ಳೋಣ. ಟ್ಯಾಂಕಿನ ಹತ್ತಿರದ ಮನೆಯ ನಲ್ಲಿಯಲ್ಲಿ ಕೊಡ ತುಂಬಲು 75 ಸೆಕೆಂಡು ಬೇಕಾಯಿತು. ಅಂದರೆ ನಿಮಿಷಕ್ಕೆ 12 ಲೀಟರ್, ನಲವತ್ತು ನಿಮಿಷಕ್ಕೆ 480 ಲೀಟರ್. ಆ ಮನೆಯಲ್ಲಿ ಐದು ಜನ, ನೀರು ಎರಡು ದಿನಕ್ಕೆ ಆಗಬೇಕು. ತಲೆಗೆ ದಿನಕ್ಕೆ 48 ಲೀಟರ್. ಬೀದಿಯ ಕೊನೆಯ ಮನೆಯಲ್ಲಿ ಅದೇ ಕೊಡ ತುಂಬಲು 150 ಸೆಕೆಂಡು ಹಿಡಿಯಿತು. ಅಲ್ಲಿಯೂ ಐದು ಜನರಿದ್ದರೆ ತಲೆಗೆ ಸಿಗುವುದು 24 ಲೀಟರ್ ಮಾತ್ರ. ಜಲ ಜೀವನ್ ಮಿಷನ್ ಹಳ್ಳಿಗಳಿಗೆ ಇಟ್ಟುಕೊಂಡಿರುವ ಅಳತೆ ಒಬ್ಬರಿಗೆ ದಿನಕ್ಕೆ 55 ಲೀಟರ್.

ಈ ಲೆಕ್ಕದಲ್ಲಿ ಮೊದಲ ನೋಟಕ್ಕೆ ಕಾಣದ ಒಂದು ಸಂಗತಿ ಇದೆ. ‘ನೀರನ್ನು ದಿನಾ ಬಿಡಿ’ ಎಂಬ ಬೇಡಿಕೆ ಈಡೇರಿದರೂ ಕೊನೆಯ ಮನೆಗೆ ಸಿಗುವುದು 48 ಲೀಟರ್, ಹತ್ತಿರದ ಮನೆಗೆ 96. ಅಂದರೆ ಅಲ್ಲಿ ಕೊರತೆಯ ಜೊತೆಗೆ ಹಂಚಿಕೆಯ ತೊಡಕೂ ಇದೆ. ಅದನ್ನು ಗುರುತಿಸಲು ನೀರಗಂಟಿಯ ಸಹಾಯ ಬೇಕು. ಊರಿನಲ್ಲಿ ವಾಲ್ವ್ ತಿರುಗಿಸುವವರು ಅವರೇ. ಯಾವ ಬೀದಿಗೆ ಯಾವ ಹೊತ್ತಿಗೆ ನೀರು, ಯಾವ ಪೈಪು ಎಲ್ಲಿ ಹಾದುಹೋಗಿದೆ ಎಂಬುದು ಕಚೇರಿಯ ನಕ್ಷೆಗಿಂತ ಅವರಿಗೆ ಚೆನ್ನಾಗಿ ಗೊತ್ತು. ಮೇಲಿನ ಬೀದಿಯ ವಾಲ್ವ್ ಮುಚ್ಚಿಸಿ ಕೊನೆಯ ಮನೆಯಲ್ಲಿ ಮತ್ತೆ ಕೊಡ ಹಿಡಿಯಬೇಕು. ಈಗ ಬೇಗ ತುಂಬಿದರೆ ಪೈಪು ಸರಿಯಾಗಿದೆ, ನೀರು ಮೇಲೆಯೇ ಖರ್ಚಾಗುತ್ತಿದೆ ಎಂದರ್ಥ. ಹೊತ್ತು ಬದಲಾಗದಿದ್ದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಪೈಪಿನಲ್ಲಿ ಏನೋ ಕಟ್ಟಿಕೊಂಡಿದೆ. ಒಂದೇ ದಿನದ ಅಳತೆಯನ್ನು ನಂಬುವಂತಿಲ್ಲ. ಅಂದು ಕರೆಂಟು ಹೋಗಿರಬಹುದು, ಟ್ಯಾಂಕು ಅರ್ಧವೇ ತುಂಬಿರಬಹುದು, ನಡುವಿನ ಮನೆಯವರು ಪೈಪಿಗೆ ಮೋಟಾರು ಹಚ್ಚಿ ಎಳೆದಿರಬಹುದು. ನೀರು ಬಿಟ್ಟ ಮೂರು ದಿನ ಅಳೆದು, ಮೂರನ್ನೂ ವರದಿಯಲ್ಲಿ ಬರೆಯಬೇಕು.

ಅಳತೆಯನ್ನು ಯಾರ ಮುಂದೆ ಇಡಬೇಕು ಎಂಬಲ್ಲಿ ಪ್ರಾಜೆಕ್ಟಿನ ಎರಡನೇ ಭಾಗ ತೊಡಗುತ್ತದೆ. ಮಕ್ಕಳು ಹೆಚ್ಚಾಗಿ ತಪ್ಪುವುದೂ ಇಲ್ಲಿಯೇ. ಗ್ರಾಮ ಸಭೆ ಬೇರೆ, ಗ್ರಾಮ ಪಂಚಾಯಿತಿಯ ಸಭೆ ಬೇರೆ. ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಕೂರುವವರು ಆಯ್ಕೆಯಾದ ಸದಸ್ಯರು. ಕರ್ನಾಟಕದಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬರಂತೆ ಅವರನ್ನು ಆರಿಸುತ್ತಾರೆ. ತಮ್ಮಲ್ಲೇ ಒಬ್ಬರನ್ನು ಅಧ್ಯಕ್ಷರನ್ನಾಗಿ, ಒಬ್ಬರನ್ನು ಉಪಾಧ್ಯಕ್ಷರನ್ನಾಗಿ ಅವರು ಆರಿಸಿಕೊಳ್ಳುತ್ತಾರೆ. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಚುನಾಯಿತರಲ್ಲ, ಸರ್ಕಾರಿ ನೌಕರರು. ಸಭೆಯ ನಿರ್ಣಯವನ್ನು ಜಾರಿಗೆ ತರುವುದು, ಕಡತ ಮತ್ತು ಲೆಕ್ಕ ಇಡುವುದು ಅವರ ಹೊಣೆ. ಗ್ರಾಮ ಸಭೆ ಎಂದರೆ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಸೇರುವ ಸಭೆ. ಅದು ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು.

ಬೀದಿಯ ಬೇಡಿಕೆ ಕೆಳಗಿನಿಂದ ಮೇಲೆ ಏರುತ್ತದೆ. ಮೊದಲು ಜನವಸತಿ ಸಭೆ, ಆಮೇಲೆ ವಾರ್ಡ್ ಸಭೆ, ಕೊನೆಗೆ ಗ್ರಾಮ ಸಭೆ. ಅಲ್ಲಿ ಒಪ್ಪಿಗೆಯಾದ ಕೆಲಸಗಳು ವರ್ಷದ ಕ್ರಿಯಾ ಯೋಜನೆಗೆ ಸೇರುತ್ತವೆ. ಬಳಿಕ ಎಂಜಿನಿಯರ್ ಅಂದಾಜು ಪಟ್ಟಿ ಮಾಡುತ್ತಾರೆ, ಕೆಲಸ ನಡೆಯುತ್ತದೆ, ಮುಗಿದದ್ದನ್ನು ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ, ಆಮೇಲೆ ಬಿಲ್ ಪಾವತಿಯಾಗುತ್ತದೆ. ಈ ಸಾಲಿನಲ್ಲಿ ಬೇಡಿಕೆ ಎಲ್ಲಿ ನಿಂತಿತು ಎಂದು ಪತ್ತೆಹಚ್ಚುವುದೇ ಒಂದು ಪ್ರಾಜೆಕ್ಟ್. ‘ಹೇಳಿದ್ದೆವು, ಆಗಲಿಲ್ಲ’ ಎಂದು ಊರಿನವರು ಅನ್ನುತ್ತಾರೆ. ಎಲ್ಲಿ ಹೇಳಿದ್ದರು ಎಂದು ಕೇಳಿದರೆ ಅನೇಕ ಸಲ ಸಿಗುವ ಉತ್ತರ, ಸದಸ್ಯರು ದಾರಿಯಲ್ಲಿ ಸಿಕ್ಕಾಗ. ಬಾಯಿ ಮಾತಿನ ಬೇಡಿಕೆ ನಡಾವಳಿ ಪುಸ್ತಕಕ್ಕೆ ಏರದಿದ್ದರೆ ಅದಕ್ಕೆ ಹಣ ಇಡಲು ಆಧಾರವೇ ಇರುವುದಿಲ್ಲ. ವಾಲ್ವ್ ಸರಿಪಡಿಸುವಂಥ ಸಣ್ಣ ದುರಸ್ತಿಗೆ ಇಷ್ಟು ದೂರ ಹೋಗಬೇಕಿಲ್ಲ, ಪಂಚಾಯಿತಿಗೆ ಬರೆದ ಅರ್ಜಿ ಸಾಕು. ಹೊಸ ಪೈಪು ಹಾಕಿಸಬೇಕಾದರೆ ಕ್ರಿಯಾ ಯೋಜನೆಯಲ್ಲಿ ಆ ಬೀದಿಯ ಹೆಸರಿರಬೇಕು.

ಹಣದ ಪ್ರಶ್ನೆಯನ್ನು ಎಂಟನೇ ತರಗತಿಯವರಿಗೆ ಬಿಡುವುದು ವಾಸಿ. ಪಂಚಾಯಿತಿಗೆ ಸ್ವಂತ ವರಮಾನವಿದೆ: ಮನೆ, ನಿವೇಶನಗಳ ತೆರಿಗೆ, ನೀರಿನ ಕರ, ಅಂಗಡಿಗಳ ಪರವಾನಗಿ ಶುಲ್ಕ. ಹೊರಗಿನಿಂದ ಬರುವ ಅನುದಾನವೂ ಇದೆ. 2021ರಿಂದ 2026ರವರೆಗಿನ ಅವಧಿಗೆ 15ನೇ ಹಣಕಾಸು ಆಯೋಗ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕೆಂದು ಕಟ್ಟು ಹಾಕಿತ್ತು. ಪಂಚಾಯಿತಿಯ ಕೈಯಲ್ಲಿ ಹಣವಿದ್ದರೂ ಬಯಸಿದ ಕೆಲಸಕ್ಕೆಲ್ಲ ಅದನ್ನು ಹಾಕುವಂತಿಲ್ಲ ಎಂಬುದು ಇದರಿಂದ ಮಕ್ಕಳಿಗೆ ಅರ್ಥವಾಗುತ್ತದೆ. ಪಂಚಾಯಿತಿಗಳ ಯೋಜನೆ ಮತ್ತು ಖರ್ಚನ್ನು egramswaraj.gov.in ಜಾಲತಾಣದಲ್ಲಿ ನೋಡಬಹುದು. ಕಾಗದದ ಲೆಕ್ಕವನ್ನು ನೆಲದ ಮೇಲಿನ ಕೆಲಸದೊಂದಿಗೆ ಹೋಲಿಸಿ ನೋಡಲು ಕರ್ನಾಟಕದಲ್ಲಿ ಜಮಾಬಂದಿ ಎಂಬ ಏರ್ಪಾಡು ಇದೆ. ವರ್ಷಕ್ಕೊಮ್ಮೆ, ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ, ಹಿಂದಿನ ಸಾಲಿನ ಲೆಕ್ಕಪತ್ರ ಮತ್ತು ಕಾಮಗಾರಿಗಳನ್ನು ಊರಿನವರ ಮುಂದೆ ಪರಿಶೀಲಿಸುತ್ತಾರೆ. ಅಂದು ಒಂದೇ ಒಂದು ಕಾಮಗಾರಿಯನ್ನು ಆರಿಸಿಕೊಂಡು, ಪುಸ್ತಕದಲ್ಲಿರುವ ಪೈಪಿನ ಉದ್ದವನ್ನು ಬೀದಿಯಲ್ಲಿ ಟೇಪು ಹಿಡಿದು ನೋಡಿದರೆ ಸಾಕು.

ಮಕ್ಕಳಿಗೆ ಮತವಿಲ್ಲದ ಕಾರಣ ಗ್ರಾಮ ಸಭೆಯಲ್ಲಿ ಅವರು ನೋಡುಗರು ಮಾತ್ರ. ಅವರೇ ಮಾತಾಡಲು ಕರ್ನಾಟಕದಲ್ಲಿ ಮಕ್ಕಳ ಗ್ರಾಮ ಸಭೆ ಇದೆ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ತಿಂಗಳಿನಿಂದ, ಪಂಚಾಯಿತಿಗಳು ಇದನ್ನು ನಡೆಸುತ್ತವೆ. ಅಧ್ಯಕ್ಷರು, ಪಿಡಿಒ ಮತ್ತು ಇತರ ಇಲಾಖೆಯವರು ಎದುರು ಕೂತಿರುತ್ತಾರೆ. ‘ನೀರು ಸರಿಯಾಗಿ ಬರುವುದಿಲ್ಲ’ ಎಂದರೆ ಅಲ್ಲಿ ‘ನೋಡುತ್ತೇವೆ’ ಎಂಬ ಉತ್ತರ ಬರುವುದು ಸಹಜ. ‘ಮೂರು ದಿನ ಅಳೆದಿದ್ದೇವೆ, ಕೊನೆಯ ಮನೆಗೆ ತಲೆಗೆ 24 ಲೀಟರ್, ಮೇಲಿನ ವಾಲ್ವ್ ಮುಚ್ಚಿದಾಗ ಕೊಡ ಬೇಗ ತುಂಬಿತು’ ಎಂದರೆ ಎಂಜಿನಿಯರ್ ಲೆಕ್ಕ ನೋಡಿ ಉತ್ತರಿಸಬೇಕಾಗುತ್ತದೆ. ಹಿಂದಿನ ವರ್ಷದ ಬೇಡಿಕೆಗಳು ಏನಾದವು ಎಂಬುದನ್ನು ಅನುಪಾಲನಾ ವರದಿಯಾಗಿ ಅಲ್ಲಿ ಓದುತ್ತಾರೆ. ಆ ವರದಿಯನ್ನು ತೆಗೆದುಕೊಂಡು ಆಗಿದ್ದು, ಆಗದಿದ್ದು, ಆಗದಿದ್ದುದಕ್ಕೆ ಕೊಟ್ಟ ಕಾರಣ ಎಂದು ಮೂರು ಕಾಲಮ್ ಮಾಡಿದರೆ ಮತ್ತೊಂದು ಪ್ರಾಜೆಕ್ಟ್ ಸಿದ್ಧ.

ಪಟ್ಟಣದ ಮಕ್ಕಳಿಗೆ ಇದೇ ಪ್ರಶ್ನೆ ಬೇರೆ ದಾರಿ ಹಿಡಿಯುತ್ತದೆ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಅದು ಹೇಳುತ್ತದೆ. ಗ್ರಾಮ ಸಭೆಯಂತೆ ಇದು ಎಲ್ಲ ಮತದಾರರ ಸಭೆಯಲ್ಲ. ಬೆಂಗಳೂರಿನಲ್ಲಿ ಬಿಬಿಎಂಪಿ ಇದ್ದಾಗ ವಾರ್ಡಿನ ಸದಸ್ಯರೇ ಅದರ ಅಧ್ಯಕ್ಷರು, ಜೊತೆಗೆ ನೇಮಕಗೊಂಡ ಹತ್ತು ಮಂದಿ ನಿವಾಸಿಗಳು. 2020ರ ಸೆಪ್ಟೆಂಬರ್‌ನಲ್ಲಿ ಸದಸ್ಯರ ಅವಧಿ ಮುಗಿದು, ವರ್ಷಗಟ್ಟಲೆ ಚುನಾವಣೆ ನಡೆಯದಿದ್ದಾಗ ಸಭೆಗಳನ್ನು ನೋಡಲ್ ಅಧಿಕಾರಿಗಳು ನಡೆಸಿದರು. 2025ರಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದವು. ನೀರಿನ ಹೊಣೆ ಅಲ್ಲಿ ಪಾಲಿಕೆಯದಲ್ಲ, ಜಲಮಂಡಳಿಯದು. ಹಾಗಾಗಿ ನೀರಿನ ದೂರು ವಾರ್ಡ್ ಸಮಿತಿಗೆ ಬಂದರೆ, ಅದು ಜಲಮಂಡಳಿಯ ಎಂಜಿನಿಯರನ್ನು ಕರೆದು ಕೇಳಬಹುದೇ ಹೊರತು ತಾನೇ ಪೈಪು ಹಾಕಿಸಲಾರದು. ಬೆಂಗಳೂರಿನ ಮಕ್ಕಳು ಚರಂಡಿ, ಫುಟ್‌ಪಾತ್‌ನಂಥ ಪಾಲಿಕೆಯ ಕೈಯಲ್ಲೇ ಇರುವ ವಿಷಯ ಹಿಡಿದರೆ ಪ್ರಶ್ನೆ ಅಲೆದಾಡುವುದಿಲ್ಲ. ಬಂದ ದೂರುಗಳಲ್ಲಿ ಎಷ್ಟು ಪಾಲಿಕೆಯವು, ಎಷ್ಟು ಬೇರೆ ಸಂಸ್ಥೆಗಳವು ಎಂದು ಒಂದು ವಾರ್ಡ್ ಸಭೆಯಲ್ಲಿ ಕೂತು ಗೆರೆ ಎಳೆದು ಎಣಿಸುವುದೂ ಒಳ್ಳೆಯ ವಿಷಯವೇ.

ವರದಿಗೆ ನಾಲ್ಕು ಪುಟ ಸಾಕು. ಮೊದಲ ಪುಟದಲ್ಲಿ ಪ್ರಶ್ನೆ ಮತ್ತು ಕೈಯಾರೆ ಬಿಡಿಸಿದ ಬೀದಿಯ ನಕ್ಷೆ: ಟ್ಯಾಂಕು, ವಾಲ್ವ್, ಅಳತೆ ಮಾಡಿದ ಮನೆಗಳು. ಎರಡನೆಯದರಲ್ಲಿ ತಾರೀಖು, ಹೊತ್ತಿನ ಜೊತೆ ಅಳತೆಯ ಪಟ್ಟಿ. ಮೂರನೆಯದರಲ್ಲಿ ಯಾರನ್ನು ಕಂಡಿದ್ದು, ಅವರ ಹುದ್ದೆ ಏನು, ಏನು ಹೇಳಿದರು ಎಂಬುದು. ನಾಲ್ಕನೆಯದರಲ್ಲಿ ಬೇಡಿಕೆ ಯಾವ ಸಭೆಯ ಯಾವ ತಾರೀಖಿನ ನಡಾವಳಿಗೆ ಏರಿತು ಎಂಬುದು. ಏರಿರದಿದ್ದರೆ ಅದನ್ನೂ ಹಾಗೆಯೇ ಬರೆಯಬೇಕು.