ನಾಲ್ಕು ಪೋಲ್‌ಗಳು ಎಲ್ಲಿಂದ ಬಂದವು?

ನಮ್ಮ ಕಾಲೇಜಿನಲ್ಲಿ ಓದಿ ಈಗ ಇಂಜಿನಿಯರಿಂಗ್ ಮಾಡುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಹನುಮಂತನಗರದ ನಮ್ಮ ಮನೆಗೆ ಒಂದು ಲೆಕ್ಕ ಹಿಡಿದುಕೊಂಡು ಬಂದಿದ್ದ. "ಸರ್, ನಾನು ಪೋಲ್‌ಗಳನ್ನು −1, −2, −5, −6 ಎಂದು ಆರಿಸಿದ್ದೆ. ಉತ್ತರ −7 ± 4i ಬರುತ್ತಿದೆ. ಎಲ್ಲಿ ತಪ್ಪಿದೆ?" ಎಂದು ಕೇಳಿದ. ಅವನ ಗುಣಾಕಾರದಲ್ಲಿ ತಪ್ಪಿರಲಿಲ್ಲ. ದ್ವಿತೀಯ ಪಿಯುಸಿಯ ಗಣಿತ ಬಲ್ಲವರೆಲ್ಲ ಹಿಂಬಾಲಿಸಬಹುದಾದ ಲೆಕ್ಕವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾಗುವಂಥ ಒಂದು ಉಪಗ್ರಹವನ್ನು ನೆನೆಯಿರಿ. ಅದು ಒಂದೇ ಅಕ್ಷದ ಸುತ್ತ ತಿರುಗುತ್ತದೆ ಎಂದಿಟ್ಟುಕೊಳ್ಳೋಣ. ಕೋನ x₁, ತಿರುಗುವ ವೇಗ x₂, ನಾವು ಕೊಡುವ ತಿರುಚುಬಲ u. ಜಡತ್ವವನ್ನು 1 ಎಂದು ಹಿಡಿದರೆ

x₁' = x₂, x₂' = u

ಕೋನವೂ ವೇಗವೂ ಗೊತ್ತಿದ್ದರೆ u = −2x₁ − 3x₂ ಎಂದು ಕೊಟ್ಟರಾಯಿತು. ಆಗ x₁'' + 3x₁' + 2x₁ = 0. ಇದರಲ್ಲಿ x₁ ಬದಲು e^(st) ಹಾಕಿದರೆ s² + 3s + 2 = 0, ಅಂದರೆ s = −1, −2. ಇವನ್ನೇ ಪೋಲ್ ಎನ್ನುತ್ತಾರೆ. ಎರಡೂ ಋಣವಾದ್ದರಿಂದ ಕೋನ ಸೊನ್ನೆಗೆ ಇಳಿಯುತ್ತದೆ.

ಆದರೆ ನಕ್ಷತ್ರಗಳನ್ನು ನೋಡುವ ಸೆನ್ಸರ್ ಕೋನವನ್ನು ಮಾತ್ರ ಹೇಳುತ್ತದೆ. ವೇಗವನ್ನು ನಾವೇ ಅಂದಾಜು ಮಾಡಬೇಕು. ಡೇವಿಡ್ ಲುಯೆನ್‌ಬರ್ಗರ್ 1964ರಲ್ಲಿ ಪ್ರಕಟಿಸಿದ ಉಪಾಯವೆಂದರೆ, ಉಪಗ್ರಹದ ಸಮೀಕರಣದ ನಕಲೊಂದನ್ನು ಕಂಪ್ಯೂಟರಿನಲ್ಲಿ ಓಡಿಸಿ, ಅಳೆದ ಕೋನಕ್ಕೂ ಅಂದಾಜಿನ ಕೋನಕ್ಕೂ ಇರುವ ವ್ಯತ್ಯಾಸದಿಂದ ಅದನ್ನು ತಿದ್ದುತ್ತಾ ಹೋಗುವುದು. ಈ ನಕಲಿಗೆ ಅಬ್ಸರ್ವರ್ ಎಂದು ಹೆಸರು. ಅಂದಾಜುಗಳನ್ನು z₁, z₂ ಎಂದರೆ

z₁' = z₂ + 11(x₁ − z₁)
z₂' = u + 30(x₁ − z₁)

ಈಗ u = −2z₁ − 3z₂. ಅಂದಾಜು ತಪ್ಪಿದ್ದರೆ u ತಪ್ಪುತ್ತದೆ, u ತಪ್ಪಿದರೆ ಉಪಗ್ರಹ ಬೇರೆಡೆ ತಿರುಗುತ್ತದೆ. ಹೀಗೆ ಒಂದರ ತಪ್ಪು ಇನ್ನೊಂದನ್ನು ಕೆಡಿಸಿ ಪೋಲ್‌ಗಳೆಲ್ಲ ಸ್ಥಳ ಬಿಡುವುದಿಲ್ಲವೇ?

ಇದಕ್ಕೆ ಉತ್ತರ ಅಂದಾಜಿನ ದೋಷದಲ್ಲಿದೆ. e₁ = x₁ − z₁, e₂ = x₂ − z₂ ಎಂದಿಟ್ಟು ಸಮೀಕರಣಗಳನ್ನು ಕಳೆಯಿರಿ:

e₁' = e₂ − 11e₁
e₂' = −30e₁

ಉಪಗ್ರಹಕ್ಕೂ ನಕಲಿಗೂ ಒಂದೇ u ಹೋಗುವುದರಿಂದ ಅದು ಕಳೆದುಹೋಯಿತು. ಉಪಗ್ರಹ ಹೇಗೆ ತಿರುಗಿದರೂ ದೋಷ ತನ್ನ ಪಾಡಿಗೆ s² + 11s + 30 = 0 ಪ್ರಕಾರ, ಅಂದರೆ −5 ಮತ್ತು −6ರ ವೇಗದಲ್ಲಿ ಇಳಿಯುತ್ತದೆ. ಉಪಗ್ರಹದ ಸಮೀಕರಣ ಮಾತ್ರ

x₁'' + 3x₁' + 2x₁ = 2e₁ + 3e₂

ದೋಷ ಉಪಗ್ರಹವನ್ನು ತಟ್ಟುತ್ತದೆ, ಉಪಗ್ರಹ ದೋಷವನ್ನು ತಟ್ಟುವುದಿಲ್ಲ. ನಾಲ್ಕೂ ಸಮೀಕರಣಗಳನ್ನು 4×4 ಮ್ಯಾಟ್ರಿಕ್ಸ್ ಆಗಿ ಬರೆದರೆ ಕೆಳಗಿನ ಎಡಮೂಲೆ ಪೂರ್ತಿ ಸೊನ್ನೆ. ಹಾಗಾಗಿ ಡಿಟರ್ಮಿನೆಂಟ್ ಎರಡು ತುಂಡುಗಳ ಗುಣಲಬ್ಧವಾಗುತ್ತದೆ:

(s² + 3s + 2)(s² + 11s + 30)

ಪೋಲ್‌ಗಳು −1, −2, −5, −6: ಎರಡಲ್ಲ, ನಾಲ್ಕು, ಒಂದೂ ಕದಲಿಲ್ಲ. 2, 3 ಅನ್ನು ಒಬ್ಬರು, 11, 30 ಅನ್ನು ಇನ್ನೊಬ್ಬರು ಬೇರೆ ಬೇರೆ ಕೂತು ಆರಿಸಬಹುದು. ಇದೇ ಬೇರ್ಪಡಿಕೆಯ ತತ್ತ್ವ.

ಹಾಗಾದರೆ −7 ± 4i ಯಾವುದು? u ಬದಲು −2z₁ − 3z₂ ಹಾಕಿದ ಅಬ್ಸರ್ವರನ್ನು ಮಾತ್ರ ತೆಗೆದುಕೊಂಡರೆ s² + 14s + 65 ಬರುತ್ತದೆ. ಅದರ ಮೂಲಗಳೇ ಇವು. ಇವು ಉಪಗ್ರಹಕ್ಕೆ ಜೋಡಿಸದೆ ಮೇಜಿನ ಮೇಲಿಟ್ಟ ನಿಯಂತ್ರಕದ ಪೋಲ್‌ಗಳು, ಜೋಡಿಸಿದ ಮೇಲಿನವಲ್ಲ. ಕೋನದಿಂದ ತಿರುಚುಬಲದವರೆಗಿನ ನಿಯಂತ್ರಕ −(112s + 60)/(s² + 14s + 65), ಉಪಗ್ರಹ 1/s². ಎರಡನ್ನೂ ಜೋಡಿಸಿದರೆ

s²(s² + 14s + 65) + 112s + 60

ಇದನ್ನು ಬಿಡಿಸಿ, ಮೇಲಿನ ಗುಣಲಬ್ಧವನ್ನೂ ಬಿಡಿಸಿ ನೋಡಿ. ಎರಡೂ s⁴ + 14s³ + 65s² + 112s + 60.

ಈ ತತ್ತ್ವ ನಿಂತಿರುವುದು u ಪೂರ್ತಿ ಕಳೆದುಹೋಗುವುದರ ಮೇಲೆ. ನಿಜವಾದ ಉಪಗ್ರಹದಲ್ಲಿ x₂' = gu ಆಗಿದ್ದು, ನಕಲಿನಲ್ಲಿ u ಮಾತ್ರ ಇದ್ದರೆ, ದೋಷದ ಸಮೀಕರಣದಲ್ಲಿ (g − 1)u ಉಳಿಯುತ್ತದೆ. ಮೂಲೆಯ ಸೊನ್ನೆ ಹೋಯಿತು, ಪೋಲ್‌ಗಳು ಕದಲಿದವು. ವೇಗವನ್ನು ನೇರವಾಗಿ ಅಳೆದಿದ್ದರೆ s² + 3gs + 2g ಸಿಗುತ್ತಿತ್ತು. G ಎಷ್ಟೇ ಧನವಾಗಿದ್ದರೂ ಅದು ಸ್ಥಿರ. ಅಬ್ಸರ್ವರ್ ಇದ್ದಾಗ s⁴ + 14s³ + 65s² + 112gs + 60g. ರೌತ್ ಪರೀಕ್ಷೆ ಮಾಡಿದರೆ g ಸುಮಾರು 7.19 ದಾಟಿದೊಡನೆ ಉಪಗ್ರಹ ತೂಗಾಡಲು ತೊಡಗಿ, ತೂಗಾಟ ಹೆಚ್ಚುತ್ತಲೇ ಹೋಗುತ್ತದೆ.

ಆದ್ದರಿಂದ ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಪೋಲ್‌ಗಳನ್ನು ಬೇರೆ ಬೇರೆಯಾಗಿ ಆರಿಸು, ಆದರೆ ಎಷ್ಟು ತಡೆಯುತ್ತದೆ ಎಂಬುದನ್ನು ನಾಲ್ಕನೇ ಘಾತದ ಪೂರ್ತಿ ಸಮೀಕರಣದಲ್ಲೇ ನೋಡು.