ಕತೆಯ ಕೊನೆಯ ತಿರುವು ಮೋಸ ಅನ್ನಿಸಬಾರದು ಅಂದ್ರೆ

ಆಲಮಟ್ಟಿ ಹಿನ್ನೀರಿಗೆ ಮುಳುಗಿದ ಬೀಳಗಿ ಭಾಗದ ಊರುಗಳ ಮೇಲೆ ಒಂದು ಕತೆ ಬರೀತೀರಿ ಅಂದ್ಕೊಳ್ಳಿ. ಬೇಸಿಗೆಯಲ್ಲಿ ನೀರು ಇಳಿದಾಗಲೆಲ್ಲ ಒಬ್ಬ ಅಜ್ಜ ಹಳೇ ಊರಿನ ಒಂದು ಮನೆಯ ತಳಪಾಯ ನೋಡಿ ಬರ್ತಾನೆ. ಕೊನೆಗೆ ಗೊತ್ತಾಗುತ್ತೆ, ಅದು ಅವನ ಮನೆಯೇ ಅಲ್ಲ. ನೆರೆಯವನ ಕಲ್ಲಿನ ಮನೆಯನ್ನು ಗುಡಿಸಲು ಅಂತ ಬರೆದ ಪಂಚನಾಮೆಗೆ ಸಹಿ ಹಾಕಿದವನು ಅವನು. ನೆರೆಯವನ ಪರಿಹಾರ ಕುಗ್ಗಿದ್ದು ಆ ಸಹಿಯಿಂದ.

ಇದನ್ನು ಕೊನೇ ಸಾಲಲ್ಲಿ ಸುಮ್ಮನೆ ಎಸೆದರೆ ಅದು ಅಗ್ಗದ ತಿರುವು. ಹಾಗಾಗಿ ಕೊನೆಯನ್ನು ಮೊದಲು ಬರೆದು, ಆಮೇಲೆ ಹಿಂದಕ್ಕೆ ಬಂದು ಸುಳಿವು ಇಡಿ. ದಿನಾ ಪೇಪರ್ ಓದುವ ಅಜ್ಜ ಪಿಂಚಣಿ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾನೆ. ಮೊದಲ ಓದಿಗೆ ಅದು ಮುಪ್ಪಿನ ಕೈನಡುಕ, ಎರಡನೇ ಓದಿಗೆ ಮತ್ತೆ ಸಹಿ ಹಾಕಲಾರದ ಸಂಕಟ. ಅವನು 'ನಮ್ಮನಿ' ಅನ್ನಲ್ಲ, 'ಆ ಮನಿ' ಅಂತಾನೆ. ಸುಳಿವು ಕಣ್ಣೆದುರೇ ಇರಬೇಕು, ಆದರೆ ಅದಕ್ಕೆ ಇನ್ನೊಂದು ಸಹಜ ಕಾರಣವೂ ಇರಬೇಕು.

ಕತೆಯನ್ನು ಮೊಮ್ಮಗ ಹೇಳಲಿ. ಅಜ್ಜನ ಮನಸ್ಸಿನೊಳಗೆ ಹೊಕ್ಕು, ಅವನನ್ನು ಕಾಡುವ ಅದೊಂದನ್ನೇ ಬಚ್ಚಿಟ್ಟರೆ ಓದುಗರು ಕ್ಷಮಿಸಲ್ಲ. ಮೊಮ್ಮಗನಿಗೆ ನಿಜವಾಗಿಯೂ ಗೊತ್ತಿರಲ್ಲ.

ಬರೆದಾದ ಮೇಲೆ ಕೊನೇ ಪ್ಯಾರಾ ಮುಚ್ಚಿ ಓದಿ. ಊರು ಕಳಕೊಂಡ ಅಜ್ಜನ ಕತೆಯಾಗಿ ಅದು ನಿಲ್ಲಬೇಕು. ಆಮೇಲೆ ಗೆಳೆಯರಿಗೆ ಪೂರ್ತಿ ಕೊಡಿ. 'ಅಯ್ಯೋ, ಹೆಬ್ಬೆಟ್ಟು!' ಅಂತ ಹಿಂದಿನ ಪುಟ ತಿರುವಿದರೆ ಗೆದ್ದಿರಿ. 'ಇದೆಲ್ಲಿಂದ ಬಂತು?' ಅಂದರೆ ಸುಳಿವು ಸಾಲಲಿಲ್ಲ.