ತೊಗರಿಯ ಏರಿಳಿತವೂ ತಾಲ್ಲೂಕಿನ ಗಡಿಯೂ

ವಿಜಯಪುರ ಜಿಲ್ಲೆಯ ಬೆಳೆಗಳ ಅಂಕಿಗಳನ್ನು ತಾಲ್ಲೂಕುವಾರು ಓದುತ್ತ ಬರುವವನು 2018ರ ಹೊಸ್ತಿಲಲ್ಲಿ ಕ್ಷಣಕಾಲ ನಿಲ್ಲಬೇಕು. 2017–18ರ ಆಯವ್ಯಯದಲ್ಲಿ ಘೋಷಿತವಾದ ನೂತನ ತಾಲ್ಲೂಕುಗಳು ಅಸ್ತಿತ್ವಕ್ಕೆ ಬಂದಾಗ ಇಂಡಿಯಿಂದ ಚಡಚಣವೂ, ಸಿಂದಗಿಯಿಂದ ದೇವರ ಹಿಪ್ಪರಗಿಯೂ, ಮುದ್ದೇಬಿಹಾಳದಿಂದ ತಾಳಿಕೋಟೆಯೂ, ಬಸವನ ಬಾಗೇವಾಡಿಯಿಂದ ನಿಡಗುಂದಿ ಕೊಲ್ಹಾರಗಳೂ ಬೇರ್ಪಟ್ಟವು. ಹೊಲಗಳು ಇದ್ದಲ್ಲಿಯೇ ಇದ್ದವು; ಕಾಗದದ ಮೇಲಿನ ಗೆರೆ ಮಾತ್ರ ಕದಲಿತು.

ವಾರ್ಷಿಕ ವೃದ್ಧಿಯ ಲೆಕ್ಕ ಸರಳವಾದುದು: ಈ ವರ್ಷದ ಮೊತ್ತದಿಂದ ಕಳೆದ ವರ್ಷದ ಮೊತ್ತವನ್ನು ಕಳೆದು, ಬಂದುದನ್ನು ಕಳೆದ ವರ್ಷದ ಮೊತ್ತದಿಂದಲೇ ಭಾಗಿಸಿ, ನೂರರಿಂದ ಗುಣಿಸಿದರಾಯಿತು. ಆದರೆ ಆ ಭಾಜಕವೇ ಇಲ್ಲವಾದಾಗ ತೊಡಕು ಹುಟ್ಟುತ್ತದೆ. ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ: ವಿಭಜನೆಗೆ ಮುನ್ನ ಮುದ್ದೇಬಿಹಾಳದ ತೊಗರಿ 40,000 ಕ್ವಿಂಟಲ್, ಮರುವರ್ಷ ಮುದ್ದೇಬಿಹಾಳದಲ್ಲಿ 24,000, ತಾಳಿಕೋಟೆಯಲ್ಲಿ 20,000. ಕೋಷ್ಟಕವನ್ನು ಯಾಂತ್ರಿಕವಾಗಿ ಲೆಕ್ಕಿಸಿದರೆ ಮುದ್ದೇಬಿಹಾಳಕ್ಕೆ ಶೇ 40ರ ಕುಸಿತ ಕಾಣುತ್ತದೆ. ತಾಳಿಕೋಟೆಗೆ ಉತ್ತರವೇ ಹೊರಡುವುದಿಲ್ಲ. ಅಲ್ಲಿ ಶೇ 100 ಎಂದು ತುಂಬುವ ಗುಮಾಸ್ತಿಕೆಯನ್ನು ನಾನು ಕ್ಷಮಿಸಲಾರೆ. ಎರಡನ್ನೂ ಕೂಡಿಸಿ ಹಳೆಯ ಗಡಿಯೊಳಗೇ ಹೋಲಿಸಿದಾಗ 44,000 ಕ್ವಿಂಟಲ್ ಆಗಿ, ಶೇ 10ರ ನಿಜವಾದ ಏರಿಕೆ ಗೋಚರಿಸುತ್ತದೆ. ಹೊಸ ತಾಲ್ಲೂಕಿಗೆ ಎರಡು ಹಳೆಯ ತಾಲ್ಲೂಕುಗಳ ಗ್ರಾಮಗಳು ಸೇರಿದ್ದರೆ ಈ ಕೂಡಿಕೆಯೂ ಸಾಲದು; ಗ್ರಾಮವಾರು ಅಂಕಿಗಳಿಗೆ ಇಳಿಯಬೇಕಾಗುತ್ತದೆ.

ಇಂಡಿಯ ನಿಂಬೆಯಲ್ಲಿ ತೊಡಕು ಬೇರೆ ಬಗೆಯದು. ಸಸಿ ನೆಟ್ಟು ಮೂರು ನಾಲ್ಕು ವರ್ಷ ಫಸಲಿಗಾಗಿ ಕಾಯಬೇಕಾದ ಹೊಸ ತೋಟದಲ್ಲಿ ಕಳೆದ ವರ್ಷದ ಸೊನ್ನೆ ನಿಜವಾದ ಸೊನ್ನೆ; ದಾಖಲೆ ಬಾರದ ತೋಟದ ಖಾಲಿ ಮನೆಯಾದರೋ ಸೊನ್ನೆಯಲ್ಲ, ಅಜ್ಞಾತ. ಎರಡಕ್ಕೂ ಶೇಕಡಾವಾರು ದೊರೆಯದೆಂಬುದು ನಿಜವಾದರೂ ಮೊದಲನೆಯದರಲ್ಲಿ ಎಷ್ಟು ಹೆಚ್ಚಿತೆಂಬ ಪರಿಮಾಣವನ್ನಾದರೂ ಹೇಳಬಹುದು, ಎರಡನೆಯದರಲ್ಲಿ ಅದೂ ಸಲ್ಲದು.

ಇದಕ್ಕಿಂತ ಗುಪ್ತವಾದ ದೋಷವೊಂದುಂಟು. ನಡುವಣ ಒಂದು ವರ್ಷದ ಸಾಲೇ ಲುಪ್ತವಾಗಿರುವಾಗ ಗಣಕಯಂತ್ರವು ಮೇಲಿನ ಸಾಲನ್ನೇ ಹಿಂದಿನ ವರ್ಷವೆಂದು ಭಾವಿಸಿಬಿಡುತ್ತದೆ. 1,000 ಕ್ವಿಂಟಲ್ ಎರಡು ವರ್ಷಗಳಲ್ಲಿ 1,210 ಆಗಿದ್ದರೆ, ವರ್ಷಕ್ಕೆ ಸರಾಸರಿ ಶೇ 10ರ ಆ ಏರಿಕೆ ಒಂದೇ ವರ್ಷದ ಶೇ 21ರ ವೇಷದಲ್ಲಿ ಮೆರೆಯುತ್ತದೆ; ದೋಷಸೂಚನೆಯಾವುದೂ ಬಾರದು. ಆದಕಾರಣ ಪ್ರತಿಯೊಂದು ತಾಲ್ಲೂಕಿನ ಪ್ರತಿಯೊಂದು ಬೆಳೆಗೂ ಪ್ರತ್ಯೇಕವಾಗಿ ಈ ಸಾಲಿನ ವರ್ಷದಿಂದ ಮೇಲಿನ ಸಾಲಿನ ವರ್ಷವನ್ನು ಕಳೆದು, ಅಂತರ ಒಂದೇ ವರ್ಷವಾಗಿದ್ದಲ್ಲಿ ಮಾತ್ರ ಶೇಕಡಾವನ್ನು ಬರೆಯತಕ್ಕದ್ದು. ಇಲ್ಲದಿದ್ದಲ್ಲಿ ‘ಹೋಲಿಕೆಯಿಲ್ಲ’ ಎಂದು ಬರೆದು ಕಾರಣವನ್ನು ಅಡಿಯಲ್ಲಿ ಸೂಚಿಸಬೇಕು.

ತಾಲ್ಲೂಕುವಾರು ಅಂಕಿಗಳನ್ನು ಪ್ರಕಟಿಸುವವರು, ಹೊಸ ತಾಲ್ಲೂಕುಗಳ ಜೊತೆಗೆ ಹಳೆಯ ಗಡಿಗಳ ಒಟ್ಟು ಮೊತ್ತವನ್ನೂ ಕೆಲವು ವರ್ಷಗಳವರೆಗಾದರೂ ಮುದ್ರಿಸುವ ಕೃಪೆ ಮಾಡಬೇಕು.